ಎರಡು ಗಂಟೆ ಹಿಂದೆ ಓಡುವ ಸರ್ವರ್

ಜುಲೈ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ 11 ಗಂಟೆ 42 ನಿಮಿಷಕ್ಕೆ, ಮನೆಮನೆಗೆ ಹಾಲು ಹಾಕುವ ಬೆಂಗಳೂರಿನ ಕಂಪನಿಯೊಂದರ ಡೇಟಾಬೇಸ್‌ನಲ್ಲಿ 1,43,912 ಮನೆಗಳ ಹಾಲಿನ ಹೊತ್ತು ಒಂದೇ ಏಟಿಗೆ ಬದಲಾಯಿತು. ಐದು ಗಂಟೆಗೆ ಹಾಲು ಬೇಕು ಎಂದವರಿಗೂ ಏಳು ಗಂಟೆ, ಆರಕ್ಕೆ ಬೇಕು ಎಂದವರಿಗೂ ಏಳು ಗಂಟೆ, ಸಂಜೆ ತರಿಸಿಕೊಳ್ಳುವವರಿಗೂ ಬೆಳಗಿನ ಏಳು ಗಂಟೆ. ಯಾರೂ ಕನ್ನ ಹಾಕಿರಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗನೊಬ್ಬ ಮೂರು ಸಾಲಿನ ಆದೇಶದಲ್ಲಿ ಎರಡೇ ಸಾಲು ಕಳಿಸಿದ್ದ, ಅಷ್ಟೆ.

ಕಥೆಗೆ ಮುಂಚೆ ಒಂದು ಮಾತು. ಈ ಕಂಪನಿ, ಇದರ ಜನ, ಇಲ್ಲಿ ಬರುವ ಗ್ರಾಹಕರ ಲೆಕ್ಕ, ಎಲ್ಲವೂ ನಾನು ಹೆಣೆದದ್ದು. ಆದರೆ ತಪ್ಪು ನಡೆಯುವ ರೀತಿ, ಅದನ್ನು ಸರಿಪಡಿಸುವ ಹೆಜ್ಜೆಗಳು, ಟೈಪ್ ಮಾಡುವ ಕಮಾಂಡ್‌ಗಳು ನಿಜವಾದವು. ಡೇಟಾಬೇಸ್ ನೋಡಿಕೊಳ್ಳುವ ಯಾರನ್ನೇ ಕೇಳಿ, ಹೆಚ್ಚುಕಡಿಮೆ ಇಂಥದ್ದೇ ಒಂದು ಪ್ರಸಂಗ ಅವರ ಬಳಿಯೂ ಇರುತ್ತದೆ.

ಹುಡುಗನಿಗೆ ಒಪ್ಪಿಸಿದ್ದ ಕೆಲಸ ಸಣ್ಣದು. ಒಂದು ಬಡಾವಣೆಯಲ್ಲಿ ಒಳಚರಂಡಿಗೆಂದು ರಸ್ತೆ ಅಗೆದಿದ್ದರು. ಬೆಳಗಿನ ಕತ್ತಲಲ್ಲಿ ಅಲ್ಲಿ ಸ್ಕೂಟರ್ ಓಡಿಸುವುದು ಅಪಾಯ ಎಂದು ಹಾಲಿನ ಹುಡುಗರು ದೂರಿದ್ದರು. ಹಾಗಾಗಿ ಆ ಬಡಾವಣೆಯ 1,130 ಮನೆಗಳಿಗೆ ಮಾತ್ರ ಏಳು ಗಂಟೆಯ ಪಾಳಿ ಹಾಕಬೇಕಿತ್ತು. ಬಡಾವಣೆಯ ಸಂಖ್ಯೆ 57. ಹುಡುಗ ಬರೆದದ್ದು ಸರಿಯಾಗಿಯೇ ಇತ್ತು:

```sql
UPDATE subscriptions
SET slot = '07:00'
WHERE area_id = 57;
```

ಆದೇಶ ಕಳಿಸುವ ಕಿಟಕಿಯಲ್ಲಿ ಮೌಸ್‌ನಿಂದ ಯಾವ ಭಾಗವನ್ನು ಗುರುತು ಮಾಡುತ್ತೇವೋ ಅಷ್ಟೇ ಓಡುತ್ತದೆ. ಅವನು ಗುರುತು ಮಾಡಿದ್ದು ಮೊದಲ ಎರಡು ಸಾಲನ್ನು. 'ಯಾರಿಗೆ' ಎಂದು ಹೇಳುವ ಮೂರನೆಯ ಸಾಲು ಹೊರಗೇ ಉಳಿಯಿತು. ಯಾರಿಗೆ ಎಂದು ಹೇಳದಿದ್ದರೆ ಡೇಟಾಬೇಸ್ 'ಎಲ್ಲರಿಗೂ' ಎಂದೇ ತಿಳಿಯುತ್ತದೆ. ಪರದೆಯ ಕೆಳಗೆ ಉತ್ತರ ಬಂತು:

```
Rows matched: 218406  Changed: 143912  Warnings: 0
```

ಒಟ್ಟು 2,18,406 ಮನೆ ಸಿಕ್ಕವು, ಅವುಗಳಲ್ಲಿ 74,494 ಮನೆಗಳಿಗೆ ಮೊದಲೇ ಏಳು ಗಂಟೆ ಇದ್ದದ್ದರಿಂದ ಅಲ್ಲಿ ಬದಲಾಯಿಸುವುದೇನೂ ಇರಲಿಲ್ಲ, ಉಳಿದವು ಬದಲಾದವು ಎಂದು ಇದರ ಅರ್ಥ. ಹುಡುಗ ಅಂಕಿ ನೋಡಲಿಲ್ಲ, ಎಚ್ಚರಿಕೆ ಸೊನ್ನೆ ಎಂದಿದ್ದನ್ನು ನೋಡಿ ಊಟಕ್ಕೆ ಎದ್ದುಹೋದ. ಇಂಥ ಕೈತಪ್ಪನ್ನು ತಡೆಯಲು ಮೈಎಸ್‌ಕ್ಯೂಎಲ್‌ನಲ್ಲಿ ಒಂದು ಕಾವಲು ಇದೆ, `--safe-updates` ಎಂದು. ಅದನ್ನು ಹಾಕಿಕೊಂಡಿದ್ದರೆ 'ಯಾರಿಗೆ' ಎಂಬ ಸಾಲಿಲ್ಲದ ಆದೇಶವನ್ನು ಡೇಟಾಬೇಸ್ ತಿರಸ್ಕರಿಸುತ್ತದೆ. ಅದನ್ನು ಮಾಡಿದವರಿಗೆ ತಮಾಷೆಯ ಬುದ್ಧಿ ಇದ್ದಿರಬೇಕು, ಅದೇ ಕಾವಲಿಗೆ `--i-am-a-dummy` ಎಂಬ ಇನ್ನೊಂದು ಹೆಸರನ್ನೂ ಇಟ್ಟಿದ್ದಾರೆ. 'ನಾನೊಬ್ಬ ಪೆದ್ದ' ಎಂದು ಟೈಪ್ ಮಾಡಲು ಯಾರಿಗೆ ಮನಸ್ಸು ಬರುತ್ತದೆ?

ವಿಷಯ ಬಯಲಾದದ್ದು ಫೋನ್ ಕರೆಗಳಿಂದ. ಯಾವ ಮನೆಯ ಸಾಲು ಬದಲಾದರೂ ಆ ಮನೆಯವರಿಗೆ ಸಂದೇಶ ಕಳಿಸುವ ಪ್ರೋಗ್ರಾಂ ಒಂದು ಅರ್ಧ ಗಂಟೆಗೊಮ್ಮೆ ಓಡುತ್ತಿತ್ತು. ಹನ್ನೆರಡು ಗಂಟೆಗೆ ಅದು ಶುರುವಾಗಿ, 'ನಿಮ್ಮ ಹಾಲು ಇನ್ನು ಮುಂದೆ 7 ಗಂಟೆಗೆ ಬರುತ್ತದೆ' ಎಂದು ಕಂತುಕಂತಾಗಿ ಕಳಿಸತೊಡಗಿತು. ಹನ್ನೆರಡೂವರೆಯ ಹೊತ್ತಿಗೆ ಗ್ರಾಹಕರ ಕರೆ ತೆಗೆಯುವ ವಿಭಾಗದಲ್ಲಿ ಒಂದು ಸಾಲೂ ಬಿಡುವಿರಲಿಲ್ಲ. ಏಳಕ್ಕೆ ಶಾಲೆಯ ಬಸ್ಸು, ಹಾಲಿಲ್ಲದೆ ಮಕ್ಕಳಿಗೆ ಏನು ಕೊಡಲಿ ಎಂದು ಜನ ಬೈಯತೊಡಗಿದ್ದರು.

ಡೇಟಾಬೇಸ್ ನೋಡಿಕೊಳ್ಳುವ ಎಂಜಿನಿಯರ್ ತನ್ನ ಮೇಜಿನಲ್ಲೇ ಡಬ್ಬಿ ಬಿಚ್ಚಿದ್ದಳು. ಹುಡುಗ ಓಡಿಬಂದ.

"ಮೇಡಂ, ನಾನು ಒಂದು ಅಪ್‌ಡೇಟ್ ಹೊಡೆದೆ. ವೇರ್ ಬಿಟ್ಟುಹೋಗಿದೆ ಅನ್ಸತ್ತೆ."

"ಎಷ್ಟು ಹೊತ್ತಿಗೆ ಹೊಡೆದೆಯಪ್ಪಾ?"

"ಹನ್ನೊಂದೂ ಮುಕ್ಕಾಲು... ನಿಖರವಾಗಿ ಗೊತ್ತಿಲ್ಲ ಮೇಡಂ. ರೋಲ್‌ಬ್ಯಾಕ್ ಮಾಡಿಬಿಡಲಾ?"

"ಅದು ಆವಾಗಲೇ ಕಮಿಟ್ ಆಗಿದೆ. ನೀನು ಈಗ ಏನೂ ಮುಟ್ಟಬೇಡ, ಕೂತ್ಕೊ. ಆ ಮೆಸೇಜ್ ಹೋಗೋದನ್ನ ಮಾತ್ರ ನಿಲ್ಲಿಸು ಅಂತ ಅವರಿಗೆ ಫೋನ್ ಮಾಡು."

ಎಲ್ಲ ಮನೆಗೂ ಒಂದೇ ಹೊತ್ತು ಹಾಕಿದ್ದನ್ನು ಹಿಂದೆ ತಿರುಗಿಸುವುದು ಯಾಕೆ ಕಷ್ಟ ಎಂದರೆ, ಹಿಂದೆ ಏನಿತ್ತು ಎಂಬುದೇ ಟೇಬಲ್‌ನಲ್ಲಿ ಉಳಿದಿಲ್ಲ. ಐದು ಎಂದು ಇದ್ದ ಜಾಗದಲ್ಲಿ ಈಗ ಏಳು ಇದೆ, ಸಂಜೆ ಆರು ಎಂದು ಇದ್ದ ಜಾಗದಲ್ಲೂ ಏಳು ಇದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಾಣದು. ಜೊತೆಗೆ ಸಂಜೆ ಆರಕ್ಕೆ ಮರುದಿನದ ಪಟ್ಟಿ ತಯಾರಾಗಿ, ಯಾವ ಹುಡುಗ ಯಾವ ಬೀದಿಗೆ ಎಷ್ಟು ಹೊತ್ತಿಗೆ ಎಂದು ಅಚ್ಚಾಗುತ್ತಿತ್ತು. ಅಷ್ಟರೊಳಗೆ ಸರಿಯಾಗದಿದ್ದರೆ ಬುಧವಾರ ಬೆಳಿಗ್ಗೆ ಊರಿನ ಅರ್ಧಕ್ಕರ್ಧ ಮನೆಗೆ ಹಾಲು ತಡ.

ಪ್ರತಿಗಳಿಗೇನೂ ಕೊರತೆ ಇರಲಿಲ್ಲ. ಮುಖ್ಯ ಡೇಟಾಬೇಸ್‌ನ ಬೆನ್ನಿಗೆ ಎರಡು ರೆಪ್ಲಿಕಾ ಇದ್ದವು, ಅಂದರೆ ಅದರಲ್ಲಾಗುವ ಪ್ರತಿ ಬದಲಾವಣೆಯನ್ನೂ ತಮ್ಮಲ್ಲಿ ಮಾಡಿಕೊಳ್ಳುತ್ತ ಹೋಗುವ ಸರ್ವರ್‌ಗಳು. ಮುಖ್ಯ ಸರ್ವರ್ ಸತ್ತರೆ ಒಂದು ಕ್ಷಣದಲ್ಲಿ ಅದರ ಜಾಗಕ್ಕೆ ಬರುವುದು ಅವುಗಳ ಕೆಲಸ, ಅದರಲ್ಲಿ ಅವು ಗಟ್ಟಿ. ಆದರೆ ಆದೇಶ ಸರಿಯೋ ತಪ್ಪೋ ಎಂದು ರೆಪ್ಲಿಕಾಗೆ ತಿಳಿಯುವುದಿಲ್ಲ. 11:42ಕ್ಕೆ ಆದ ತಪ್ಪು ಒಂದೆರಡು ಸೆಕೆಂಡಿನಲ್ಲಿ ಅಲ್ಲಿಗೂ ಹೋಗಿ ಕೂತಿತ್ತು. ರಾತ್ರಿ ಎರಡು ಗಂಟೆಗೆ ತೆಗೆದ ಬ್ಯಾಕಪ್ ಕೂಡ ಇತ್ತು. ಅದನ್ನು ಇನ್ನೊಂದು ಯಂತ್ರಕ್ಕೆ ಇಳಿಸಿ, ಎರಡರಿಂದ 11:42ರವರೆಗಿನ ಬದಲಾವಣೆಗಳನ್ನೆಲ್ಲ ಅದರ ಮೇಲೆ ಓಡಿಸಿದರೆ ಬೇಕಾದದ್ದು ಸಿಗುತ್ತದೆ. ಆದರೆ ನೂರಾರು ಜಿಬಿ ಇಳಿಸುವುದರಲ್ಲೇ ಮಧ್ಯಾಹ್ನ ಕಳೆಯುತ್ತದೆ.

ಉಳಿದದ್ದು ಮೂರನೆಯ ರೆಪ್ಲಿಕಾ. ಅದನ್ನು ಆಕೆ ಬೇಕೆಂದೇ ಎರಡು ಗಂಟೆ ಹಿಂದೆ ಇಟ್ಟಿದ್ದಳು. 'ಹಳೆ ಲೆಕ್ಕ ತೋರಿಸೋ ಮೆಷಿನ್ನಿಗೆ ತಿಂಗಳು ತಿಂಗಳು ಬಾಡಿಗೆ ಯಾಕೆ ಕಟ್ಟಬೇಕು' ಎಂದು ಲೆಕ್ಕಪತ್ರ ವಿಭಾಗದವರು ವರ್ಷಕ್ಕೊಮ್ಮೆ ಕೇಳುತ್ತಿದ್ದದ್ದು ಇದನ್ನೇ. ಕೇಳಿದ್ದರಲ್ಲಿ ತಪ್ಪಿಲ್ಲ. ಆ ಯಂತ್ರ ಗ್ರಾಹಕರಿಗೆ ತೋರಿಸಲು ಬರುವುದಿಲ್ಲ, ಮುಖ್ಯ ಸರ್ವರ್ ಬಿದ್ದಾಗ ಅದರ ಜಾಗಕ್ಕೂ ಬರುವುದಿಲ್ಲ. ಇಂಥ ಒಂದು ದಿನ ಬಂದರೆ ಬೇಕಾಗುತ್ತದೆ, ಬರದಿದ್ದರೆ ಅದರ ಬಾಡಿಗೆ ದಂಡ.

ಇದು ಕೆಲಸ ಮಾಡುವ ಬಗೆ ಹೀಗೆ. ಮುಖ್ಯ ಸರ್ವರ್ ತನ್ನಲ್ಲಾದ ಪ್ರತಿ ಬದಲಾವಣೆಯನ್ನೂ ಬೈನರಿ ಲಾಗ್ ಎಂಬ ಕಡತದಲ್ಲಿ, ಆದ ಹೊತ್ತಿನ ಸಮೇತ, ಬರೆಯುತ್ತ ಹೋಗುತ್ತದೆ. ರೆಪ್ಲಿಕಾದಲ್ಲಿ ಎರಡು ಬೇರೆ ಬೇರೆ ಕೆಲಸಗಾರರಿದ್ದಾರೆ. ಒಬ್ಬ ಆ ಬರಹವನ್ನು ತಂದು ತನ್ನ ಕಡೆಯ ರಿಲೇ ಲಾಗ್ ಎಂಬ ಕಡತಕ್ಕೆ ಹಾಕುತ್ತಾನೆ, ಇನ್ನೊಬ್ಬ ಅದನ್ನು ಓದಿ ಟೇಬಲ್‌ಗಳಲ್ಲಿ ಜಾರಿ ಮಾಡುತ್ತಾನೆ. ಹಳೆಯ ಮಂಡಿಯಲ್ಲಿ ಒಬ್ಬ ಗುಮಾಸ್ತ ಚೀಟಿ ತಂದು ಮುಳ್ಳಿಗೆ ಚುಚ್ಚಿಡುತ್ತಿದ್ದ, ಇನ್ನೊಬ್ಬ ಆ ಚೀಟಿಗಳನ್ನು ಖಾತೆಗೆ ಏರಿಸುತ್ತಿದ್ದನಲ್ಲ, ಹಾಗೆಯೇ. ತಡವಾಗಿ ಓಡುವ ರೆಪ್ಲಿಕಾದಲ್ಲಿ ಚೀಟಿ ತರುವುದು ತಡವಾಗುವುದಿಲ್ಲ, ಖಾತೆಗೆ ಏರಿಸುವುದು ಮಾತ್ರ ಎರಡು ಗಂಟೆ ತಡ. ಈ ವ್ಯತ್ಯಾಸವನ್ನು ಗಮನಿಸಬೇಕು. ಮುಖ್ಯ ಸರ್ವರ್ ಆ ಗಳಿಗೆಯಲ್ಲೇ ಸುಟ್ಟುಹೋದರೂ ಹೆಚ್ಚುಕಡಿಮೆ ಕೊನೆಯ ಸೆಕೆಂಡಿನವರೆಗಿನ ಬದಲಾವಣೆಗಳು ರೆಪ್ಲಿಕಾದ ಹತ್ತಿರ ಬಂದು ಬಿದ್ದಿರುತ್ತವೆ, ಟೇಬಲ್‌ಗೆ ಏರಿರುವುದಿಲ್ಲ ಅಷ್ಟೆ.

ಮೈಎಸ್‌ಕ್ಯೂಎಲ್‌ಗೆ ಈ ಸೌಲಭ್ಯ 2013ರಲ್ಲಿ ಬಂದ 5.6ನೇ ಆವೃತ್ತಿಯಿಂದ ಇದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ದೊಡ್ಡ ಡೇಟಾಬೇಸ್ 2014ರ 9.4ನೇ ಆವೃತ್ತಿಯಲ್ಲಿ `recovery_min_apply_delay` ಎಂಬ ಹೆಸರಿನಲ್ಲಿ ಇದನ್ನೇ ಕೊಟ್ಟಿತು. ಎರಡರಲ್ಲೂ ಒಂದು ಸಾಲು ಬರೆದರೆ ಮುಗಿಯಿತು.

ಹುಡುಗನ ಮಾತು ಮುಗಿಯುವ ಮೊದಲೇ ಆಕೆ ಆ ಯಂತ್ರಕ್ಕೆ ಹೋಗಿ ಒಂದು ಸಾಲು ಬರೆದಳು. ಗಡಿಯಾರದಲ್ಲಿ 12:38.

```sql
STOP REPLICA SQL_THREAD;
```

ಖಾತೆಗೆ ಏರಿಸುವವನು ನಿಂತ. ಚೀಟಿ ತರುವವನನ್ನು ಆಕೆ ಮುಟ್ಟಲಿಲ್ಲ. ಈಗ ಆ ಯಂತ್ರದೊಳಗೆ ಹೊತ್ತು 10:38. ತಪ್ಪು 11:42ರದ್ದು, ಅಂದರೆ ಅದು ಇಲ್ಲಿಗೆ ಏರಬೇಕಾಗಿದ್ದದ್ದು ಮಧ್ಯಾಹ್ನ 1:42ಕ್ಕೆ. ಇನ್ನೂ 64 ನಿಮಿಷ ಕೈಯಲ್ಲಿತ್ತು. ಯಾವಾಗ ಆಯಿತು, ಯಾರು ಮಾಡಿದರು, ಎಷ್ಟು ಹಾಳಾಯಿತು ಎಂದು ಮೊದಲು ವಿಚಾರಿಸುತ್ತ ಕೂತವರು ಈ ಆಟದಲ್ಲಿ ಸೋಲುತ್ತಾರೆ. ನಿಲ್ಲಿಸುವುದರಿಂದ ಯಾವ ನಷ್ಟವೂ ಇಲ್ಲ, ಸುಳ್ಳು ಗಾಬರಿ ಎಂದು ಗೊತ್ತಾದರೆ ಮತ್ತೆ ಓಡಿಸಿದರಾಯಿತು. ಅದಕ್ಕೇ ಈ ಸಾಲನ್ನು ಯಾರ ಅಪ್ಪಣೆಗೂ ಕಾಯದೆ ಹೊಡೆಯಬಹುದು ಎಂದು ತಂಡದಲ್ಲಿ ಮೊದಲೇ ಬರೆದಿಟ್ಟಿರಬೇಕು.

ಈಗ ಇರುವುದು 10:38ರ ಚಿತ್ರ. ಬೇಕಾದದ್ದು 11:42ಕ್ಕೆ ಒಂದು ಕೂದಲೆಳೆ ಮುಂಚಿನದು. ನಡುವಿನ ಒಂದು ಗಂಟೆಯಲ್ಲಿ ನೂರಾರು ಗ್ರಾಹಕರು ತಾವಾಗಿಯೇ ಹೊತ್ತು ಬದಲಿಸಿಕೊಂಡಿರುತ್ತಾರೆ, ಅದನ್ನು ಕಳೆಯುವಂತಿಲ್ಲ. ಹಾಗಾಗಿ ರೆಪ್ಲಿಕಾವನ್ನು ಮುಂದಕ್ಕೆ ಓಡಿಸಿ ಸರಿಯಾಗಿ ತಪ್ಪಿನ ಹೊಸ್ತಿಲಲ್ಲಿ ನಿಲ್ಲಿಸಬೇಕು. ಆ ಹೊಸ್ತಿಲು ಎಲ್ಲಿದೆ ಎಂದು ಹುಡುಕಲು ಮುಖ್ಯ ಸರ್ವರ್‌ನ ಬೈನರಿ ಲಾಗ್ ತೆರೆದಳು. ಇಲ್ಲಿ ಹೊಸಬರು ಮುಗ್ಗರಿಸುತ್ತಾರೆ: 11:42 ಎಂದು ಹುಡುಕಿದರೆ ಅಲ್ಲಿ ಏನೂ ಇರುವುದಿಲ್ಲ. ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಗ್ರೀನಿಚ್ ಹೊತ್ತಿನಲ್ಲಿ ಓಡುತ್ತದೆ. ನಮ್ಮ ಹೊತ್ತಿನಿಂದ ಐದೂವರೆ ಗಂಟೆ ಕಳೆದರೆ 6:12.

```
mysqlbinlog --base64-output=DECODE-ROWS -v \
  --start-datetime="2024-07-16 06:10:00" \
  --stop-datetime="2024-07-16 06:15:00" binlog.000812
```

ಪರದೆಯ ಮೇಲೆ ಉದ್ದನೆಯ ಬರಹ ಹರಿಯಿತು. ಮಾಮೂಲಿ ಬದಲಾವಣೆಗಳು ಒಂದು ಸಾಲು, ಎರಡು ಸಾಲು ಮುಟ್ಟಿದಂಥವು: ಒಬ್ಬರು ಅರ್ಧ ಲೀಟರನ್ನು ಒಂದು ಲೀಟರ್ ಮಾಡಿಕೊಂಡರು, ಇನ್ನೊಬ್ಬರು ಊರಿಗೆ ಹೋಗುತ್ತೇವೆಂದು ಮೂರು ದಿನ ಬೇಡವೆಂದರು. ಇವುಗಳ ನಡುವೆ ಒಂದು ವಹಿವಾಟು ಮಾತ್ರ ಮುಗಿಯುವುದೇ ಇಲ್ಲ ಎಂಬಂತೆ ಸಾಗಿತ್ತು, ಪ್ರತಿ ಸಾಲಿನಲ್ಲೂ ಹೊಸ ಹೊತ್ತು 07:00. ಅದರ ತಲೆಯ ಮೇಲಿದ್ದ ಸಮಯ 06:12:17. ಪ್ರತಿ ವಹಿವಾಟಿಗೂ ಮೈಎಸ್‌ಕ್ಯೂಎಲ್ ಒಂದು ಗುರುತಿನ ಸಂಖ್ಯೆ ಕೊಡುತ್ತದೆ, ಅದಕ್ಕೆ ಜಿಟಿಐಡಿ ಎನ್ನುತ್ತಾರೆ. ಈ ವಹಿವಾಟಿನ ಸಂಖ್ಯೆಯ ಬಾಲದಲ್ಲಿ 8841207 ಎಂದಿತ್ತು. ಆಕೆ ಅದನ್ನು ಕಾಗದದಲ್ಲಿ ಬರೆದುಕೊಂಡು, ಹುಡುಗನಿಗೂ ಒಮ್ಮೆ ಓದಿ ಹೇಳಲು ಹೇಳಿದಳು.

ಮುಂದಿನ ಹೆಜ್ಜೆಯೇ ಇಡೀ ಮಧ್ಯಾಹ್ನದಲ್ಲಿ ಅತ್ಯಂತ ಅಪಾಯದ್ದು. ಮುಂದಕ್ಕೆ ಓಡಿಸಬೇಕಾದರೆ ಎರಡು ಗಂಟೆಯ ತಡೆ ತೆಗೆಯಬೇಕು, ಇಲ್ಲವಾದರೆ ಒಂದು ಗಂಟೆಯ ಬದಲಾವಣೆ ಏರಲು ಒಂದು ಗಂಟೆಯೇ ಬೇಕು. ಆದರೆ ತಡೆ ತೆಗೆದು ಸುಮ್ಮನೆ 'ಶುರು' ಎಂದರೆ, ಚೀಟಿಗಳೆಲ್ಲ ಅಲ್ಲೇ ಸಿದ್ಧವಿರುವುದರಿಂದ, ಕೆಲವೇ ನಿಮಿಷಗಳಲ್ಲಿ ತಪ್ಪೂ ಏರಿ ಮುಗಿಯುತ್ತದೆ. ಆಮೇಲೆ ಈ ಯಂತ್ರವೂ ಉಳಿದೆರಡರಂತೆಯೇ. ಆದ್ದರಿಂದ ಎಲ್ಲಿಯವರೆಗೆ ಎಂಬ ಗಡಿಯನ್ನು ಅದೇ ಆದೇಶದಲ್ಲಿ ಹೇಳಬೇಕು.

```sql
CHANGE REPLICATION SOURCE TO SOURCE_DELAY = 0;
START REPLICA SQL_THREAD UNTIL SQL_BEFORE_GTIDS =
  'd3a1c7f0-5b2e-11ee-9c41-0242ac110002:8841207';
```

ಈ ಸಂಖ್ಯೆಯ ವಹಿವಾಟು ಎದುರಾದೊಡನೆ ಅದನ್ನು ಮುಟ್ಟದೆ ನಿಲ್ಲು ಎಂದು ಇದರ ಅರ್ಥ. ಚೀಟಿ ತರುವವನನ್ನು ನಿಲ್ಲಿಸದೆ ಬಿಟ್ಟದ್ದಕ್ಕೂ ಇಲ್ಲಿ ಕಾರಣ ಸಿಗುತ್ತದೆ. ಇಬ್ಬರೂ ನಿಂತಿರುವಾಗ ಮೊದಲನೆಯ ಆದೇಶ ಕೊಟ್ಟರೆ ಮೈಎಸ್‌ಕ್ಯೂಎಲ್ ರಿಲೇ ಲಾಗ್‌ಗಳನ್ನು ಅಳಿಸಿ ಹೊಸದಾಗಿ ತರಿಸಿಕೊಳ್ಳಲು ಹೊರಡುತ್ತದೆ. ಮುಖ್ಯ ಸರ್ವರ್‌ನಲ್ಲಿ ಹಳೆಯ ಲಾಗ್ ಇದ್ದರೆ ತೊಂದರೆಯಿಲ್ಲ, ಇಲ್ಲದಿದ್ದರೆ ಅಲ್ಲಿಗೆ ಕಥೆ ಮುಗಿಯಿತು.

ನಾಲ್ಕೈದು ನಿಮಿಷದಲ್ಲಿ ರೆಪ್ಲಿಕಾ ನಿಂತಿತು. ಎಲ್ಲ ಸರಿಯಿದೆಯೇ ಎಂದು ನೋಡಲು ಆಕೆ ಒಂದೇ ಪ್ರಶ್ನೆ ಕೇಳಿದಳು: ಯಾವ್ಯಾವ ಹೊತ್ತಿಗೆ ಎಷ್ಟೆಷ್ಟು ಮನೆ? ಏಳು ಗಂಟೆಯ ಮುಂದೆ 74,494 ಎಂದು ಬಂತು. ಬೆಳಿಗ್ಗೆ ಹುಡುಗನ ಪರದೆಯಲ್ಲಿ 'ಸಿಕ್ಕ' ಮತ್ತು 'ಬದಲಾದ' ಎಂಬ ಅಂಕಿಗಳ ನಡುವೆ ಇದ್ದ ವ್ಯತ್ಯಾಸ ಸರಿಯಾಗಿ ಅಷ್ಟೇ. ಅಂದರೆ ಇದು ತಪ್ಪಿನ ಹಿಂದಿನ ಗಳಿಗೆಯ ಟೇಬಲ್.

"ಹಂಗಾದ್ರೆ ಈ ಟೇಬಲ್ ಎತ್ತಿ ಅಲ್ಲಿ ಹಾಕಿಬಿಟ್ರೆ ಆಯ್ತಲ್ವಾ ಮೇಡಂ?"

"ಆಯ್ತು ಅಂತ ಹಾಕು. ಹನ್ನೊಂದೂ ಮುಕ್ಕಾಲಿಂದ ಈಚೆಗೆ ಸೇರಿದ ಗಿರಾಕಿಗಳು ಎಲ್ಲಿ ಹೋಗ್ತಾರೆ?"

ಹೌದು, ಕಂಪನಿ ನಿಂತಿರಲಿಲ್ಲ. ಈ ಒಂದೂವರೆ ಗಂಟೆಯಲ್ಲಿ ಹೊಸಬರು ಸೇರಿದ್ದರು, ಕೆಲವರು ಹಾಲಿನ ಪ್ರಮಾಣ ಬದಲಿಸಿದ್ದರು, ಸಂದೇಶ ನೋಡಿ ಸಿಟ್ಟಾದ ಕೆಲವರು ಆ್ಯಪ್‌ಗೆ ಹೋಗಿ ತಮ್ಮ ಹೊತ್ತನ್ನು ತಾವೇ ಸರಿಮಾಡಿಕೊಂಡಿದ್ದರು. ಇಡೀ ಟೇಬಲ್ ಎತ್ತಿ ಹಾಕಿದರೆ ಇದೆಲ್ಲ ಅಳಿಸಿಹೋಗುತ್ತದೆ. ಒಂದು ತಪ್ಪನ್ನು ತಿದ್ದಲು ಹೋಗಿ ಇನ್ನೊಂದನ್ನು ಮಾಡುವುದು ಸಾಮಾನ್ಯವಾಗಿ ಈ ಹಂತದಲ್ಲೇ. ರೆಪ್ಲಿಕಾದಿಂದ ಟೇಬಲ್ ತೆಗೆದು ಮುಖ್ಯ ಸರ್ವರ್‌ಗೆ ತರಬೇಕಾದದ್ದು ನಿಜ, ಆದರೆ ಪಕ್ಕದ ಬೇರೊಂದು ಕೋಣೆಗೆ, `rescue` ಎಂಬ ಖಾಲಿ ಡೇಟಾಬೇಸ್‌ಗೆ.

```
mysqldump -h delayed --set-gtid-purged=OFF \
  dairy subscriptions > subs.sql
mysql -h primary rescue < subs.sql
```

ಎರಡನೆಯ ಕಮಾಂಡ್‌ನಲ್ಲಿ `rescue` ಎಂಬ ಪದದ ಜಾಗದಲ್ಲಿ ಕೈತಪ್ಪಿ `dairy` ಎಂದು ಬರೆದಿದ್ದರೆ ಏನಾಗುತ್ತಿತ್ತು ಗೊತ್ತೇ? `mysqldump` ಬರೆಯುವ ಕಡತದ ತಲೆಯಲ್ಲೇ 'ಈ ಹೆಸರಿನ ಟೇಬಲ್ ಇದ್ದರೆ ಮೊದಲು ಕಿತ್ತೆಸೆ' ಎಂಬ ಆದೇಶ ತಾನಾಗಿ ಇರುತ್ತದೆ. ಓಡುತ್ತಿರುವ ಟೇಬಲ್ ಒಂದೇ ಕ್ಷಣದಲ್ಲಿ ಮಾಯ. ಆಕೆ ಎಂಟರ್ ಒತ್ತುವ ಮೊದಲು ಆ ಸಾಲನ್ನು ಬೆರಳಿಟ್ಟು ಓದಿದಳು.

ಈಗ ಎರಡು ಟೇಬಲ್ ಅಕ್ಕಪಕ್ಕ. ಒಂದರಲ್ಲಿ ಹಿಂದಿನ ಹೊತ್ತು, ಇನ್ನೊಂದರಲ್ಲಿ ಈಗಿನದು. ಯಾವ ಸಾಲು ತಪ್ಪಿನಿಂದ ಬದಲಾಯಿತು, ಯಾವುದು ಗ್ರಾಹಕರ ಇಚ್ಛೆಯಿಂದ ಎಂದು ಬೇರ್ಪಡಿಸುವುದು ಹೇಗೆ? ಟೇಬಲ್‌ನಲ್ಲಿ `updated_at` ಎಂಬ ಕಾಲಂ ಇತ್ತು, ಸಾಲು ಬದಲಾದಾಗೆಲ್ಲ ಡೇಟಾಬೇಸ್ ತಾನೇ ಅದರಲ್ಲಿ ಹೊತ್ತು ಬರೆಯುತ್ತದೆ. ಒಂದೇ ಆದೇಶದಿಂದ ಲಕ್ಷ ಸಾಲು ಬದಲಾದರೂ ಎಲ್ಲದರಲ್ಲೂ ಬೀಳುವುದು ಒಂದೇ ಹೊತ್ತು, ಆದೇಶ ಶುರುವಾದ ಸೆಕೆಂಡು. ಹುಡುಗನ ಆದೇಶ ಮುಟ್ಟಿದ ಪ್ರತಿ ಸಾಲಿನ ಮೇಲೂ 06:12:17 ಎಂಬ ಮುದ್ರೆ ಇತ್ತು. ಅದಾದ ಮೇಲೆ ಬೇರೆ ಯಾರಾದರೂ ಮುಟ್ಟಿದ್ದರೆ ಮುದ್ರೆ ಬದಲಾಗಿರುತ್ತದೆ. ಕಳ್ಳ ಬಿಟ್ಟುಹೋದ ಬೆರಳಚ್ಚಿಗಿಂತ ಇದು ಸ್ಪಷ್ಟ.

ಲೆಕ್ಕ ಹೀಗೆ ಬಿಡಿಸಿಕೊಂಡಿತು. ಬದಲಾದದ್ದು 1,43,912. ಅದರಲ್ಲಿ 57ನೇ ಬಡಾವಣೆಯ 1,084 ನಿಜವಾಗಿಯೂ ಬದಲಾಗಬೇಕಾದವು (ಅಲ್ಲಿನ 1,130ರಲ್ಲಿ 46 ಮನೆಗೆ ಮೊದಲೇ ಏಳು ಗಂಟೆ). ಉಳಿದ 1,42,828ರಲ್ಲಿ 391 ಸಾಲುಗಳನ್ನು ಗ್ರಾಹಕರು ಆಮೇಲೆ ಮುಟ್ಟಿದ್ದರು. ಹಾಗಾಗಿ ಕಣ್ಣುಮುಚ್ಚಿ ಹಿಂದಿರುಗಿಸಬಹುದಾದವು 1,42,437. ಬದಲಿಸುವ ಮೊದಲು ಅದೇ ಷರತ್ತು ಹಾಕಿ ಎಣಿಸಿ ನೋಡಿದಳು, ಅಷ್ಟೇ ಬಂತು. ಆಮೇಲೆ ಬರೆದದ್ದು ಇದು:

```sql
UPDATE dairy.subscriptions s
JOIN rescue.subscriptions r ON r.id = s.id
SET s.slot = r.slot
WHERE s.id BETWEEN 1 AND 5000
  AND s.area_id <> 57
  AND s.slot = '07:00' AND r.slot <> '07:00'
  AND s.updated_at = '2024-07-16 06:12:17';
```

ಐದೈದು ಸಾವಿರದ ಕಂತಿನಲ್ಲಿ ಮಾಡಿದ್ದು ಬೇಕೆಂದೇ. ಒಂದೂವರೆ ಲಕ್ಷ ಸಾಲನ್ನು ಒಂದೇ ಏಟಿಗೆ ಹಿಡಿದರೆ ಆ ಹೊತ್ತಿನಲ್ಲಿ ಗ್ರಾಹಕರ ಆ್ಯಪ್ ಕಾಯುತ್ತ ನಿಲ್ಲುತ್ತದೆ. ಕಂತು ನಡುವೆ ನಿಂತರೂ ಭಯವಿಲ್ಲ. ತಿದ್ದಿದ ಸಾಲಿನ ಮುದ್ರೆ ಬದಲಾಗಿರುವುದರಿಂದ ಅದೇ ಆದೇಶ ಎರಡನೆಯ ಸಲ ಓಡಿದರೆ ಅದನ್ನು ಮುಟ್ಟುವುದಿಲ್ಲ. ಹೊಸದಾಗಿ ಸೇರಿದವರು ಹಳೆಯ ಟೇಬಲ್‌ನಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಎರಡನ್ನೂ ಜೋಡಿಸುವಾಗ ತಾವಾಗಿಯೇ ಹೊರಗುಳಿದರು.

391ನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾಯಿತು. ಅದರಲ್ಲಿ 27 ಮನೆಯವರು ಹೊತ್ತನ್ನೇ ಬದಲಿಸಿಕೊಂಡಿದ್ದರು, ಅವರನ್ನು ಹಾಗೆಯೇ ಬಿಟ್ಟಳು. ಉಳಿದ 364 ಮಂದಿ ಮುಟ್ಟಿದ್ದು ಹಾಲಿನ ಪ್ರಮಾಣವನ್ನೋ ರಜೆಯ ದಿನವನ್ನೋ, ಹೊತ್ತನ್ನಲ್ಲ. ಆ್ಯಪ್‌ನ ದಾಖಲೆಯಲ್ಲಿ ಅದನ್ನು ಖಚಿತ ಮಾಡಿಕೊಂಡು `slot` ಒಂದನ್ನು ಮಾತ್ರ ಹಿಂದಿರುಗಿಸಿದಳು, ಪ್ರಮಾಣ ಹೊಸದೇ ಉಳಿಯಿತು. ಇಡೀ ಸಾಲನ್ನು ಎತ್ತಿಹಾಕಿದ್ದರೆ ಒಂದು ಲೀಟರ್ ಕೇಳಿದವರಿಗೆ ಮರುದಿನ ಅರ್ಧ ಲೀಟರ್ ಬರುತ್ತಿತ್ತು.

ಎಲ್ಲ ಮುಗಿದಾಗ ಮೂರೂ ಕಾಲು. ಸಂದೇಶ ಕಳಿಸುವ ಪ್ರೋಗ್ರಾಂ ಇನ್ನೂ ನಿಂತೇ ಇತ್ತು, ಅದೃಷ್ಟ. ತಿದ್ದಿದ ಸಾಲುಗಳ ಮುದ್ರೆಯೂ ಬದಲಾಗಿದ್ದರಿಂದ ಅದು ಓಡುತ್ತಿದ್ದರೆ ಮತ್ತೆ ಒಂದೂವರೆ ಲಕ್ಷ ಸಂದೇಶ ಹೊರಡುತ್ತಿದ್ದವು. ಅದಕ್ಕೆ 'ಈ ಹೊತ್ತಿನವರೆಗಿನದನ್ನು ಬಿಟ್ಟುಬಿಡು' ಎಂದು ಹೇಳಿ ಓಡಿಸಿದರು. ಬೆಳಿಗ್ಗೆ ಹೋದ ತಪ್ಪು ಸಂದೇಶಗಳಿಗೆ ಮಾತ್ರ ಕ್ಷಮೆ ಕೇಳಿ ಇನ್ನೊಂದು ಸಂದೇಶ ಕಳಿಸಬೇಕಾಯಿತು. ಡೇಟಾಬೇಸ್‌ನಿಂದ ಹೊರಗೆ ಹೋದದ್ದನ್ನು ಯಾವ ರೆಪ್ಲಿಕಾವೂ ಹಿಂದಕ್ಕೆ ಕರೆಯುವುದಿಲ್ಲ. ಕೊನೆಗೆ ರೆಪ್ಲಿಕಾದ ತಡೆಯನ್ನು ಮತ್ತೆ 7200 ಸೆಕೆಂಡಿಗೆ ಇಟ್ಟು ಶುರು ಮಾಡಿದಳು. ಅದು ತಪ್ಪನ್ನೂ ಏರಿಸಿಕೊಂಡಿತು, ತಿದ್ದುಪಡಿಯನ್ನೂ ಏರಿಸಿಕೊಂಡಿತು.

ತಿಳಿದವರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಬೈನರಿ ಲಾಗ್‌ನಲ್ಲಿ ಪ್ರತಿ ಸಾಲಿನ ಹಿಂದಿನ ಮೌಲ್ಯವೂ ಇರುತ್ತದಲ್ಲ, ಅದನ್ನೇ ತಿರುಗಿಸಿ ಓಡಿಸಿದರೆ ಸಾಲದೇ? ಲಾಗ್ ಸಾಲು ಸಾಲಾಗಿ, ಪೂರ್ತಿ ಚಿತ್ರದ ಸಮೇತ ಬರೆಯುವಂತೆ ಇಟ್ಟಿದ್ದರೆ ಸಾಕು, ಹಾಗೆ ಮಾಡುವ ಸಲಕರಣೆಗಳೂ ಇವೆ. ಮೈಎಸ್‌ಕ್ಯೂಎಲ್‌ನ ದಾಯಾದಿ ಮರಿಯಾಡಿಬಿಯಲ್ಲಿ ಅದಕ್ಕೆ `--flashback` ಎಂಬ ಸೌಲಭ್ಯವೇ ಇದೆ. ಆದರೆ ಟೇಬಲ್ಲನ್ನೇ ಕಿತ್ತುಹಾಕಿದ ಆದೇಶದ ಹಿಂದೆ ಅಂಥ ಮೌಲ್ಯಗಳು ಲಾಗ್‌ನಲ್ಲಿ ಇರುವುದಿಲ್ಲ. ತಡವಾಗಿ ಓಡುವ ರೆಪ್ಲಿಕಾಗೆ ಎರಡೂ ಒಂದೇ. ಜೊತೆಗೆ, ಮೈ ಬೆವರುವ ಹೊತ್ತಿನಲ್ಲಿ ಲಾಗ್ ತಿರುಗಿಸುವುದಕ್ಕಿಂತ, ಹಳೆಯ ಟೇಬಲ್ ಕಣ್ಣೆದುರು ತೆರೆದು ನೋಡುವುದು ಸುಲಭ. ನನ್ನ ಮತ ಆಕೆಯ ಕಡೆಗೇ.

ಇದು ಬರೀ ಕಥೆಯ ಮಾತಲ್ಲ. ಪ್ರೋಗ್ರಾಂ ಬರೆಯುವವರು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ಕಂಪನಿ ಎಂಟು ಗಂಟೆ ತಡವಾಗಿ ಓಡುವ ಪೋಸ್ಟ್‌ಗ್ರೆಸ್ ರೆಪ್ಲಿಕಾ ಇಟ್ಟುಕೊಂಡಿತ್ತು. ಒಮ್ಮೆ ಒಬ್ಬರು ಒಂದು ಲೇಬಲ್ಲನ್ನು ಕೈತಪ್ಪಿ ಅಳಿಸಿದರು. ಅದರೊಂದಿಗೆ ಆ ಲೇಬಲ್‌ಗೂ ಇಶ್ಯೂ, ಮರ್ಜ್ ರಿಕ್ವೆಸ್ಟ್‌ಗಳಿಗೂ ಇದ್ದ ನಂಟೆಲ್ಲ ಹೋಯಿತು. ತಡವಾಗಿ ಓಡುವ ರೆಪ್ಲಿಕಾವನ್ನು ಅಳಿಸುವ ಮುಂಚಿನ ಗಳಿಗೆಗೆ ತಂದು ನಿಲ್ಲಿಸಿ, ಸುಮಾರು ಒಂದೂವರೆ ಗಂಟೆಯಲ್ಲಿ ಅದನ್ನು ಮರಳಿ ತಂದದ್ದನ್ನು ಅದರ ಎಂಜಿನಿಯರ್‌ಗಳೇ 2019ರಲ್ಲಿ ಬರೆದಿದ್ದಾರೆ. ಅದೇ ಕಂಪನಿ 2017ರ ಜನವರಿ 31ರಂದು ಕಂಡದ್ದು ಇದಕ್ಕೆ ತದ್ವಿರುದ್ಧ. ಅಂದು ಎಂಜಿನಿಯರ್ ಒಬ್ಬರು ಮುಖ್ಯ ಸರ್ವರ್ ಎಂದು ತಿಳಿಯದೆ ಅದರ ಡೇಟಾ ಅಳಿಸಿದರು. ಬ್ಯಾಕಪ್ ಹುಡುಕಿದರೆ, ತೆಗೆಯುವ ಸಲಕರಣೆಯ ಆವೃತ್ತಿ ಡೇಟಾಬೇಸ್‌ಗೆ ಹೊಂದದೆ ಅದು ವಿಫಲವಾಗುತ್ತಲೇ ಇತ್ತು, ವಿಫಲವಾಗಿದೆ ಎಂದು ತಿಳಿಸುವ ಮಿಂಚಂಚೆಗಳೂ ತಲುಪಿರಲಿಲ್ಲ. ಸುಮಾರು ಆರು ಗಂಟೆಯ ಡೇಟಾ ಕಳೆದುಹೋಯಿತು.

ತಡವಾಗಿ ಓಡುವ ರೆಪ್ಲಿಕಾ ಕೂಡ ಹೀಗೆ ಸದ್ದಿಲ್ಲದೆ ಸಾಯಬಹುದು. ಉಳಿದ ರೆಪ್ಲಿಕಾಗಳು ಒಂದು ನಿಮಿಷ ಹಿಂದೆ ಬಿದ್ದರೂ ಗಂಟೆ ಬಾರಿಸುತ್ತವೆ. ಇದು ಸದಾ ಎರಡು ಗಂಟೆ ಹಿಂದೆಯೇ ಇರುವುದರಿಂದ, ಗಂಟೆಯ ಕಿರಿಕಿರಿ ತಾಳದೆ ಯಾರೋ ಅದನ್ನು ಆರಿಸಿಬಿಟ್ಟಿರುತ್ತಾರೆ. ಆಮೇಲೆ ಅದು ಎರಡು ತಿಂಗಳು ಹಿಂದೆ ನಿಂತಿದ್ದರೂ ಕೇಳುವವರಿಲ್ಲ. ಇನ್ನೊಂದು ಮಿತಿ, ತಪ್ಪು ಎರಡು ಗಂಟೆಯೊಳಗೆ ಕಣ್ಣಿಗೆ ಬೀಳಬೇಕು. ಪ್ರೋಗ್ರಾಮಿನ ದೋಷವೊಂದು ವಾರದಿಂದ ದಿನಕ್ಕೆ ನೂರು ಸಾಲಿನಂತೆ ಕೆಡಿಸುತ್ತಿದ್ದರೆ ಈ ಯಂತ್ರದಿಂದ ಉಪಯೋಗವಿಲ್ಲ, ಹಳೆಯ ಬ್ಯಾಕಪ್ಪೇ ಗತಿ. ತಡೆಯನ್ನು ಒಂದು ದಿನಕ್ಕೆ ಹೆಚ್ಚಿಸಿದರೆ ಯೋಚಿಸಲು ಸಮಯ ಸಿಗುತ್ತದೆ, ಆದರೆ ತಪ್ಪಿನ ಹೊಸ್ತಿಲವರೆಗೆ ಓಡಿಸಲು ಅಷ್ಟೇ ಹೆಚ್ಚು ಹೊತ್ತು ಬೇಕು, ಚೀಟಿಗಳನ್ನು ಇಡಲು ಅಷ್ಟೇ ಹೆಚ್ಚು ಡಿಸ್ಕ್ ಬೇಕು.

ನಮ್ಮ ಕಥೆಯ ಎಂಜಿನಿಯರ್ ಮರುದಿನ ತಡೆಯನ್ನು ಎರಡು ಗಂಟೆಯಿಂದ ಆರು ಗಂಟೆಗೆ ಏರಿಸಿದಳು. ಮಂಗಳವಾರ ಮಧ್ಯಾಹ್ನ ತಪ್ಪು ತಿಳಿಯಲು ಒಂದು ಗಂಟೆ ಸಾಕಾಯಿತು, ಅದೇ ಭಾನುವಾರ ರಾತ್ರಿಯಾಗಿದ್ದರೆ ಬೆಳಗಾಗುವವರೆಗೆ ಯಾರೂ ಫೋನ್ ಮಾಡುತ್ತಿರಲಿಲ್ಲ ಎಂಬುದು ಆಕೆಯ ಲೆಕ್ಕ. ಹುಡುಗನ ಕಂಪ್ಯೂಟರ್‌ನಲ್ಲಿ `--safe-updates` ಹಾಕಿಸಿದಳು, ತನ್ನದರಲ್ಲೂ ಹಾಕಿಕೊಂಡಳು.

ನಿಮ್ಮ ಕಚೇರಿಯಲ್ಲೂ ಇಂಥದ್ದೊಂದು ರೆಪ್ಲಿಕಾ ಇದ್ದರೆ ಇವತ್ತೇ ಅದರಲ್ಲಿ `SHOW REPLICA STATUS` ಎಂದು ಕೇಳಿ ನೋಡಿ. `SQL_Delay` ಎಂಬಲ್ಲಿ ನೀವು ಇಟ್ಟ ಅಂಕಿ ಇರಬೇಕು, `Replica_IO_Running` ಮತ್ತು `Replica_SQL_Running` ಎರಡರ ಮುಂದೆಯೂ `Yes` ಇರಬೇಕು, `Seconds_Behind_Source` ಆ ಅಂಕಿಯ ಆಸುಪಾಸಿನಲ್ಲಿ ಇರಬೇಕು. ಅದಕ್ಕಿಂತ ತುಂಬಾ ಹೆಚ್ಚಿದ್ದರೆ, ಅಥವಾ ಅಲ್ಲಿ `NULL` ಎಂದಿದ್ದರೆ, ನಿಮ್ಮ ಬಳಿ ಆ ಯಂತ್ರ ಇಲ್ಲವೆಂದೇ ತಿಳಿಯಿರಿ.